ಫೋಟೊದಲ್ಲಿ ಕಾಣದ ಕೊಕ್ಕರೆಯ ಕಾಲು

ಕೆಂಡದಕ್ಕ ಅನ್ನುವ ಹೆಸರು ಅವಳಿಗೆ ಬಿದ್ದದ್ದು ತಳ್ಳುಗಾಡಿಯ ಕಾಲದಲ್ಲಿ. ಗಂಡ ಇಸ್ತ್ರಿ ತಿಕ್ಕುತ್ತಿದ್ದ, ಅವಳು ಪೆಟ್ಟಿಗೆಗೆ ಕೆಂಡ ತುಂಬುತ್ತಿದ್ದಳು. ಗಾಡಿ ಹೋಯಿತು, ಕೆಂಡ ಹೋಯಿತು, ಮನೆಯ ಹಿಂಬದಿಯ ಉದ್ದನೆಯ ಕೋಣೆಗೆ ಮೂರು ಒಗೆಯುವ ಮಿಷನ್ನು ಬಂದವು, ಇಸ್ತ್ರಿಪೆಟ್ಟಿಗೆಗೆ ಕರೆಂಟು ಬಂತು. ಹೆಸರು ಮಾತ್ರ ಹೋಗಲಿಲ್ಲ. ಕೆಂಡವೆಲ್ಲ ಅವಳ ಬಾಯಿಗೆ ವರ್ಗವಾಗಿದೆ ಎಂದು ಬೀದಿಯವರು ಹೇಳುತ್ತಿದ್ದರು. ಅವರು ಹೇಳಿದ್ದು ಅವಳ ಕಿವಿಗೂ ಬಿದ್ದಿತ್ತು. "ಬಾಯಲ್ಲಿ ಕೆಂಡ ಇರೋದಕ್ಕೇ ಒಲೆಯಲ್ಲಿ ಬೆಂಕಿ ಇದೆ" ಎಂದು ಉತ್ತರವನ್ನೂ ಕೊಟ್ಟಿದ್ದಳು.

ಅದರಲ್ಲಿ ಸುಳ್ಳಿರಲಿಲ್ಲ. ನರ್ಸಿಂಗ್ ಹೋಮಿನ ಹಾಸಿಗೆ ಬಟ್ಟೆ ಅವಳ ಕೈಗೆ ಬಂದದ್ದು ಜಗಳದಿಂದಲೇ. ಹಿಂದೆ ಒಗೆಯುತ್ತಿದ್ದವನು ಕಲೆ ಹೋಗದ ಬಟ್ಟೆಯನ್ನು ಮಡಚಿ ಒಳಗಿಟ್ಟು ಕೊಡುತ್ತಿದ್ದ. ಅದನ್ನು ಅಲ್ಲಿನ ದೊಡ್ಡ ನರ್ಸಮ್ಮನ ಮುಂದೆ ಬಿಡಿಸಿ ತೋರಿಸಿದವಳು ಇವಳು. ಅಂದಿನಿಂದ ಆ ಗಂಟುಗಳು ದಿನಾ ಇವಳ ಬಾಗಿಲಿಗೆ ಬರುತ್ತವೆ. ಬಾಗಿಲಲ್ಲಿ ತೂಗುಹಾಕಿದ ಕೊಕ್ಕೆ ತಕ್ಕಡಿಗೆ ಗಂಟು ಸಿಕ್ಕಿಸಿ, ಮುಳ್ಳು ನಿಲ್ಲುವ ತನಕ ಕಾದು, ಗಟ್ಟಿಯಾಗಿ ಕೂಗಿ, ಆಮೇಲೇ ಒಳಗೆ ಬಿಡುವುದು. ಕೂಲಿ ತೂಕದ ಮೇಲೆ. ತಕ್ಕಡಿಯ ಮುಂದೆ ಅಣ್ಣ ತಮ್ಮ ಇಲ್ಲ ಎನ್ನುವುದು ಅವಳ ಮಾತು.

ಆ ಮನೆಯಲ್ಲಿ ಅಣ್ಣ ತಮ್ಮ ಇದ್ದರು. ಅಣ್ಣ ಅವಳ ಗಂಡ. ದಿನವಿಡೀ ನಿಂತೇ ಇಸ್ತ್ರಿ ತಿಕ್ಕುವವನು, ಹತ್ತು ಮಾತಿಗೆ ಒಂದು ಮಾತಾಡುವವನು. ತಮ್ಮ ಎಂದರೆ ಅವಳ ಮೈದುನ. ಅವಳು ಮದುವೆಯಾಗಿ ಬಂದಾಗ ಮೂಗು ಒರೆಸಿಕೊಳ್ಳಲು ಬಾರದ ಹುಡುಗ. ತಾಯಿಯಿಲ್ಲದವನು. ಅವನಿಗೆ ಅನ್ನ ಕಲಸಿ ತಿನ್ನಿಸಿದ್ದು, ಜ್ವರ ಬಂದಾಗ ತಲೆ ಹಿಡಿದದ್ದು, ಶಾಲೆ ಬೇಡವೆಂದು ಓಡಿಬಂದಾಗ ಕಿವಿ ಹಿಂಡಿದ್ದು ಎಲ್ಲ ಇವಳೇ. ಈಗ ಅವನ ಕಿವಿಯ ಪಕ್ಕ ನೆರೆ ಇಣುಕುತ್ತಿದೆ. ಮದುವೆಯ ಮಾತೆತ್ತಿದರೆ "ಈ ಮನೇಲಿ ಇರೋ ಒಂದು ಬಾಯಿಗೇ ಹೆದರಿ ಸಾಯ್ತಿದೀನಿ, ಇನ್ನೊಂದು ಯಾಕೆ" ಎನ್ನುತ್ತಾನೆ. ಮೂರು ಗಾಲಿಯ ಗಾಡಿಯಲ್ಲಿ ಬಟ್ಟೆ ತರುವುದು, ಕೊಡುವುದು, ದೊಡ್ಡಂಗಡಿಗೆ ಹೋಗಿ ಸೋಪಿನ ಪುಡಿ ತರುವುದು ಅವನ ಕೆಲಸ. ಕೆಂಡದಕ್ಕ ಮಿಷನ್ನು ಬಿಟ್ಟು ಕದಲುವವಳಲ್ಲ. ಪುಡಿ ಸಿಗುವ ಆ ಅಂಗಡಿಯ ಹೊಸ್ತಿಲನ್ನು ಅವಳು ತುಳಿದೇ ಇರಲಿಲ್ಲ.

ಪುಡಿ ಎಂದರೆ ಕೊಕ್ಕರೆ ಮಾರ್ಕು. ನೀಲಿ ಚೀಲ, ಅದರ ಮೇಲೆ ಬಿಳಿ ಕೊಕ್ಕರೆ. ದೊಡ್ಡ ಚೀಲ ನಾಲ್ಕು ಕಿಲೊ, ಬೆಲೆ ಐನೂರ ಅರವತ್ತು. ಇದು ಅವಳಿಗೆ ತನ್ನ ಹುಟ್ಟಿದ ಊರಿನ ಹಾಗೆ ಗೊತ್ತಿತ್ತು. ಮೈದುನ ನಾಲ್ಕು ಚೀಲ ತಂದು ಡ್ರಮ್ಮಿಗೆ ಸುರಿದರೆ ಎಂಟು ದಿನ ಬರಬೇಕು. ದಿನಕ್ಕೆ ಎರಡು ಕಿಲೊ, ಅಳೆದು ಹಾಕುವ ಚಿಪ್ಪು ಅವಳ ಕೈಯಲ್ಲೇ. ಎಂಟು ದಿನ ಬರುತ್ತಲೂ ಇತ್ತು.

ಈಚೆಗೆ ಏಳನೆಯ ದಿನವೇ ಚಿಪ್ಪು ಡ್ರಮ್ಮಿನ ತಳ ಕೆರೆಯತೊಡಗಿತು.

ಮೊದಲ ಸಲ ತನ್ನ ಕೈಯನ್ನೇ ಅನುಮಾನಿಸಿದಳು. ಎರಡನೆಯ ಸಲ ಚಿಪ್ಪನ್ನು ಅನುಮಾನಿಸಿ ಬೇರೆ ಚಿಪ್ಪು ತಂದಳು. ಮೂರನೆಯ ಸಲ ಅನುಮಾನಿಸಲು ಮನುಷ್ಯರೇ ಉಳಿದಿದ್ದರು. ಡ್ರಮ್ಮಿನ ಹತ್ತಿರ ಸುಳಿಯುವವರು ಇಬ್ಬರೇ, ಅವಳು ಮತ್ತು ಮೈದುನ. ಚೀಲ ಒಡೆದು ಸುರಿಯುವವನು ಅವನು, ಖಾಲಿ ಚೀಲ ಎಸೆಯುವವನೂ ಅವನು. ಸಂಜೆ ಹೊತ್ತು ಅವನ ಜೊತೆ ಕೂರುವ ಗೆಳೆಯನೊಬ್ಬ ಎದುರು ಬೀದಿಯಲ್ಲಿ ಹೊಸದಾಗಿ ಕಾರು ತೊಳೆಯುವ ಅಂಗಡಿ ಇಟ್ಟಿದ್ದ. ಕಾರಿಗೂ ನೊರೆ ಬೇಕು. ಅನುಮಾನ ಅನ್ನುವುದು ಗೆದ್ದಲಿದ್ದ ಹಾಗೆ, ಒಳಗೇ ತಿಂದು ಹೊರಗೆ ಬಣ್ಣ ಬಿಟ್ಟಿರುತ್ತದೆ. ಅವಳು ಅವನಿಗೆ ಎಂದಿನಂತೆ ಬಡಿಸಿದಳು, ಎಂದಿನಂತೆ ಬೈದಳು. ಒಳಗೆ ಮಾತ್ರ ಕುದಿಯುತ್ತಿದ್ದಳು.

ಆ ಬೆಳಿಗ್ಗೆ ಡ್ರಮ್ಮು ಮತ್ತೆ ಒಂದು ದಿನ ಮೊದಲೇ ಖಾಲಿಯಾಗಿತ್ತು. ಮೈದುನ ಗಾಡಿ ಹತ್ತುವಾಗ ಅವಳು ಹೇಳಿದಳು:

"ಈ ಸಲ ಹಾಗೇ ತರಬೇಡ. ಅಂಗಡೀಲಿ ಪುಡಿ ಇಟ್ಟಿರೋ ಶೆಲ್ಫಿನ ಫೋಟೊ ತೆಗೆದು ಕಳಿಸು. ಬೆಲೆ ಚೀಟಿ ಕಾಣೋ ಹಾಗೆ. ನೋಡಿ ಹೇಳ್ತೀನಿ, ಆಮೇಲೆ ತಗೋ."

"ಯಾಕತ್ತಿಗೆ, ಕೊಕ್ಕರೇನ ನೀವು ನೋಡಿಲ್ವಾ? ಅದೇ ಕೊಕ್ಕರೆ, ಅದೇ ನೀಲಿ."

"ಹೇಳಿದಷ್ಟು ಮಾಡು."

"ಆಯ್ತು. ನಿಮಗೆ ಹೆಣ್ಣು ತೋರಿಸೋ ಹಾಗೆ ತೋರಿಸ್ತೀನಿ" ಎಂದು ನಗುತ್ತಾ ಹೋದ.

ಫೋಟೊ ಬಂದಾಗ ನರ್ಸಿಂಗ್ ಹೋಮಿನ ಡ್ರೈವರು ಗಂಟು ಇಳಿಸುತ್ತಿದ್ದ. ಕೆಂಡದಕ್ಕ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಫೋನು ಹಿಡಿದಳು. ಎರಡು ಹಲಗೆ ಪೂರ್ತಿ ಕಾಣುತ್ತಿದ್ದವು, ತೀರಾ ಕೆಳಗಿನದು ಅರ್ಧಕ್ಕೇ ತುಂಡಾಗಿತ್ತು. ಮೇಲಿನ ಹಲಗೆಯಲ್ಲಿ ಒಂದು ಕಿಲೊದ ಸಣ್ಣ ಕೊಕ್ಕರೆ ಪ್ಯಾಕೆಟ್ಟುಗಳು, ಅವುಗಳ ಕೆಳಗಿನ ಚೀಟಿಯಲ್ಲಿ ನೂರ ಐವತ್ತು. ಪಕ್ಕದಲ್ಲಿ ಎರಡು ಕಿಲೊದ್ದು, ಮುನ್ನೂರ ಹತ್ತು. ಮಧ್ಯದ ಹಲಗೆಯಲ್ಲಿ ದೊಡ್ಡ ನೀಲಿ ಚೀಲಗಳು ಸಾಲಾಗಿ ಕುಳಿತಿದ್ದವು. ನೀಲಿಯ ಮೇಲೆ ಬಿಳಿ ಹಕ್ಕಿ, ಉದ್ದನೆಯ ಕತ್ತು. ಚೀಲದ ಬುಡವನ್ನು ಹಲಗೆಯ ಅಂಚಿನ ಪಟ್ಟಿ ಮುಚ್ಚಿತ್ತು. ಆ ಪಟ್ಟಿಯ ಮೇಲೆ ಚೀಟಿ. ಎರಡು ಬೆರಳಲ್ಲಿ ಹಿಗ್ಗಿಸಿದಳು. ಅಕ್ಷರಗಳು ಮಂಜಾದವು, ಅಂಕಿ ಮಾತ್ರ ದಪ್ಪಗಿತ್ತು. ನಾನೂರ ತೊಂಬತ್ತೊಂಬತ್ತು.

ಇವನು ಪ್ರತಿಸಲ ಐನೂರ ಅರವತ್ತು ಎನ್ನುತ್ತಾನೆ. ಚೀಲಕ್ಕೆ ಅರವತ್ತೊಂದು! ಪುಡಿಯೂ ಹೋಯಿತು, ದುಡ್ಡೂ ಹೋಯಿತು!

ಫೋನು ಮಾಡಿದಳು. ಬೀದಿಗೇ ಕೇಳಿಸುವಂತೆ ಶುರುಮಾಡಿದಳು.

"ಎಷ್ಟಪ್ಪಾ ದೊಡ್ಡ ಚೀಲಕ್ಕೆ?"

"ಐನೂರ ಅರವತ್ತು. ಯಾಕೆ?"

"ನನ್ನ ಕಣ್ಣ ಮುಂದೆ ನಾನೂರ ತೊಂಬತ್ತೊಂಬತ್ತು ಅಂತಿದೆಯಲ್ಲೋ! ನೀನೇ ಕಳಿಸಿದ ಫೋಟೊ! ಕಳ್ಳ, ಉಂಡ ಮನೆ ಜಂತೆ ಎಣಿಸೋನೇ! ಏಳೇ ದಿನಕ್ಕೆ ಡ್ರಮ್ಮು ಬರಿದಾಗೋದು ಯಾಕೆ ಅಂತ ಈಗ ಗೊತ್ತಾಯ್ತು. ಎಷ್ಟು ಮಾರಿದೆ ಆ ಕಾರು ತೊಳೆಯೋನಿಗೆ? ನನ್ನ ಕೈತುತ್ತು ತಿಂದ ಬಾಯಿ, ಛೀ! ಇವತ್ತಿಗೆ ಮುಗೀತು. ಗಾಡಿ ಬೀಗದ ಕೈ ತಂದು ಇಲ್ಲಿಡು, ನಿನ್ನ ದಾರಿ ನಿನಗೆ!"

ಡ್ರೈವರು ಗಂಟು ಹಿಡಿದುಕೊಂಡೇ ನಿಂತ. ಗಂಡ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದ. ಅಂಗಡಿಯ ಗದ್ದಲದ ನಡುವೆ ಮೈದುನನ ದನಿ ಬಂತು. ನಗುವಿರಲಿಲ್ಲ.

"ಕಳ್ಳ ಅಂದ್ರಾ ಅತ್ತಿಗೆ?"

"ಅಂದೆ! ಏನೀಗ?"

ಫೋನು ಸತ್ತಿತು.

"ಪೂರ್ತಿ ತಿಳ್ಕೊಳ್ದೆ..." ಎಂದು ಗಂಡ ಬಾಯಿ ತೆರೆದ.

"ನೀವು ನಿಮ್ಮ ಅಂಗಿ ತಿಕ್ಕಿ! ನಿಮ್ಮ ತಮ್ಮನ ಪರ ಮಾತಾಡೋಕೆ ಬರಬೇಡಿ. ನಿಮಗಿಂತ ಹೆಚ್ಚು ಸಾಕಿದವಳು ನಾನು."

ಆಗ ಫೋನು ಟಿಣ್ಣೆಂದಿತು. ಮತ್ತೆ ಟಿಣ್ಣೆಂದಿತು. ಮತ್ತೆ. ಒಂದರ ಹಿಂದೆ ಒಂದು ಫೋಟೊಗಳು ಬರತೊಡಗಿದವು. ಒಂದು ಮಾತೂ ಬರೆದಿರಲಿಲ್ಲ. ಬರೀ ಫೋಟೊ. ಕಲ್ಲೆಸೆದ ಹಾಗೆ ಎಸೆಯುತ್ತಿದ್ದ.

ಮೊದಲನೆಯದು ಮಧ್ಯದ ಹಲಗೆಯ ಆ ದೊಡ್ಡ ಚೀಲ. ಅವನು ಅದನ್ನು ಹಲಗೆಯಿಂದ ಎತ್ತಿ ಹಿಡಿದಿದ್ದ. ಪಟ್ಟಿಯ ಹಿಂದೆ ಅಡಗಿದ್ದ ಬುಡ ಈಗ ಕಾಣುತ್ತಿತ್ತು. ಹಕ್ಕಿಯ ಹೊಟ್ಟೆಯ ಕೆಳಗೆ ಕಾಲಿರಲಿಲ್ಲ, ನೀರಿನ ಗೆರೆಗಳಿದ್ದವು. ಅದು ಹಂಸ. ಬೇರೆ ಕಂಪನಿಯ ಹಂಸ ಮಾರ್ಕು. ಅದೇ ನೀಲಿ, ಅದೇ ಬಿಳಿ, ಅದೇ ಕತ್ತು, ಕೊಕ್ಕರೆಯನ್ನು ನೋಡಿಯೇ ಬರೆದ ಹಂಸ. ತೂಕ ಮೂರು ಕಿಲೊ. ನಾನೂರ ತೊಂಬತ್ತೊಂಬತ್ತು ಅದರದು.

ಎರಡನೆಯದು ತೀರಾ ಕೆಳಗಿನ ಹಲಗೆ, ಮೊದಲ ಫೋಟೊದಲ್ಲಿ ತುಂಡಾಗಿದ್ದದ್ದು. ಅಲ್ಲಿತ್ತು ಕೊಕ್ಕರೆಯ ದೊಡ್ಡ ಚೀಲ, ನೀಳ ಕಾಲುಗಳ ಸಮೇತ. ಚೀಟಿಯಲ್ಲಿ ಐನೂರ ಅರವತ್ತು.

ಕೆಂಡದಕ್ಕ ಬಾಗಿಲ ಮೆಟ್ಟಿಲ ಮೇಲೆ ಕೂತು ಎರಡೂ ಫೋಟೊ ಮತ್ತೆ ನೋಡಿದಳು. ಕೊಕ್ಕರೆಯನ್ನು ಹಗಲಿರುಳು ಕಂಡವಳು ಕಾಲು ನೋಡದೆ ಹಂಸವನ್ನು ಕೊಕ್ಕರೆ ಅಂದಿದ್ದಳು. ಆದರೂ ಸಿಟ್ಟು ಸೋಲೊಪ್ಪಲಿಲ್ಲ. ಬೆಲೆ ಸರಿ, ಪುಡಿ ಎಲ್ಲಿ ಹೋಯಿತು? ಏಳು ದಿನ ಯಾಕೆ?

ಮೂರನೆಯ ಫೋಟೊ ಬಂತು. ಅದೇ ಕೊಕ್ಕರೆ ಚೀಲದ ಬೆನ್ನು. ಕೆಳಮೂಲೆಯಲ್ಲಿ ಇರುವೆ ಸಾಲಿನಷ್ಟು ಸಣ್ಣ ಅಕ್ಷರ. ಅಲ್ಲಿ ಮೈದುನನ ಹೆಬ್ಬೆರಳು ಒತ್ತಿ ನಿಂತಿತ್ತು, ಉಗುರು ಬೆಳ್ಳಗಾಗುವಷ್ಟು. ತೂಕ: ಮೂರೂವರೆ ಕಿಲೊ.

"ರೀ! ಮಹಡಿ ಮೇಲೆ ಕ್ಲಿಪ್ಪು ಹಾಕೋ ಚೀಲ ಇದೆಯಲ್ಲ, ತನ್ನಿ ಇಲ್ಲಿ!"

ಬಟ್ಟೆ ಒಣಹಾಕುವ ತಂತಿಗೆ ಹಳೆಯ ಕೊಕ್ಕರೆ ಚೀಲವೊಂದನ್ನು ಕಟ್ಟಿ, ಅದರಲ್ಲಿ ಕ್ಲಿಪ್ಪು ತುಂಬಿಡುವುದು ಆ ಮನೆಯ ರೂಢಿ. ಗಂಡ ತಂದ. ಬಿಸಿಲಿಗೆ ಬಣ್ಣ ಮಾಸಿದ್ದರೂ ಬೆನ್ನ ಮೂಲೆಯ ಅಕ್ಷರ ಓದಬಹುದಿತ್ತು. ನಾಲ್ಕು ಕಿಲೊ. ಕಸದ ಬುಟ್ಟಿಯಿಂದ ಹೋದ ವಾರದ ಖಾಲಿ ಚೀಲವೊಂದನ್ನು ಎಳೆದು ಅದರ ಪಕ್ಕ ಹಾಸಿದಳು. ಅದೇ ಎತ್ತರ, ಅದೇ ಅಗಲ, ಅದೇ ಹಕ್ಕಿ. ಒಳಗೆ ಅರ್ಧ ಕಿಲೊ ಕಡಿಮೆ. ಬೆಲೆಯಲ್ಲಿ ಒಂದು ಬಿಡಿಗಾಸೂ ಕಡಿಮೆಯಿಲ್ಲ.

ನಾಲ್ಕು ಚೀಲ, ಚೀಲಕ್ಕೆ ಅರ್ಧ ಕಿಲೊ. ಎರಡು ಕಿಲೊ. ಅವಳ ಎಂಟನೆಯ ದಿನ ಅಲ್ಲಿ ಹೋಗಿತ್ತು.

"ಏಳೆಂಟ್ಲಿ ಐವತ್ತಾರು" ಎಂದ ಗಂಡ, ಮೆಲ್ಲಗೆ. "ಮೂರೂವರೆ ಅಂದ್ರೆ ಏಳು ಅರ್ಧ ಕಿಲೊ. ಐನೂರ ಅರವತ್ತನ್ನ ಏಳು ಪಾಲು ಮಾಡಿದ್ರೆ ಅರ್ಧ ಕಿಲೊಗೆ ಎಂಬತ್ತು. ಕಿಲೊಗೆ ನೂರ ಅರವತ್ತು ಬಿತ್ತು."

"ಹಿಂದೆ?"

"ಹಿಂದೆ ನೂರ ನಲವತ್ತು."

"ಸಣ್ಣದಕ್ಕೆ ಕಿಲೊಗೆ ನೂರೈವತ್ತು ಇದೆ! ಎರಡು ಕಿಲೊದ್ದು ಮುನ್ನೂರ ಹತ್ತು ಅಂದ್ರೆ ನೂರೈವತ್ತೈದು. ದೊಡ್ಡದೇ ದುಬಾರಿ! ದೊಡ್ಡದು ಅಗ್ಗ ಅಂತ ಕಣ್ಣು ಮುಚ್ಕೊಂಡು ತರಿಸ್ತಿದ್ದೆನಲ್ಲ!"

ಸಿಟ್ಟಿಗೆ ಮನೆ ಬದಲಾಯಿತೇ ಹೊರತು ಸಿಟ್ಟು ಇಳಿಯಲಿಲ್ಲ. ಮೈದುನನಿಗೆ ಫೋನು ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು. ಬಂದ್ ಮಾಡಿದ್ದ. ಗಾಡಿಯ ಬೀಗದ ಕೈ ಇಟ್ಟು ನಿನ್ನ ದಾರಿ ಹಿಡಿ ಎಂದವಳು ಅವಳೇ. ಇವನು ಹಟಮಾರಿ. ಶಾಲೆ ಬಿಟ್ಟು ಬಂದವನು ಎಷ್ಟು ಹೊಡೆದರೂ ಮರಳಿ ಹೋಗಿರಲಿಲ್ಲ. ಹೋಗು ಎಂದರೆ ನಿಜಕ್ಕೂ ಹೋಗಿಬಿಡುವವನು.

"ನಾನು ಹೋಗಿ ಕರ್ಕೊಂಡು ಬರ್ತೀನಿ" ಎಂದ ಗಂಡ.

"ನೀವು ಹೋಗಿ ಏನು ಹೇಳ್ತೀರಿ? ಕಳ್ಳ ಅಂದವಳು ನಾನು." ಡ್ರೈವರಿನ ಕಡೆ ತಿರುಗಿದಳು. "ಏನಪ್ಪಾ, ಅಷ್ಟೂ ಕೇಳಿಸ್ಕೊಂಡ್ಯಲ್ಲ, ಇದನ್ನೂ ಬಂದು ಕೇಳು. ದೊಡ್ಡಂಗಡಿ ತನಕ ಬಿಡು ನನ್ನ."

ಮಿಷನ್ನು ತಿರುಗುತ್ತಿರುವಾಗಲೇ ಅವಳು ಹೊರಟದ್ದು ಅದೇ ಮೊದಲು. ಕೈಯಲ್ಲಿ ಎರಡು ಖಾಲಿ ಚೀಲ.

ಅಂಗಡಿ ತಣ್ಣಗೆ ಬೆಳಗುತ್ತಿತ್ತು. ಮೈದುನ ಪುಡಿಯ ಸಾಲಿನ ತುದಿಯಲ್ಲಿ, ಖಾಲಿ ತಳ್ಳುಬುಟ್ಟಿ ಹಿಡಿದು, ಗೋಡೆಗೆ ಮುಖ ಮಾಡಿ ನಿಂತಿದ್ದ. ಅತ್ತಿಗೆಯನ್ನು ನೋಡಿ ಕಣ್ಣು ತಿರುಗಿಸಿದ. ಗಾಡಿಯ ಬೀಗದ ಕೈಯನ್ನು ಜೇಬಿನಿಂದ ತೆಗೆದು ಹಲಗೆಯ ಮೇಲೆ ಇಟ್ಟ.

ಅವಳು ಬೀಗದ ಕೈ ಮುಟ್ಟಲಿಲ್ಲ. ಕೆಳಗಿನ ಹಲಗೆಯ ಮೇಲೆ ಕೆಂಪು ಬೋರ್ಡು ತೂಗುತ್ತಿತ್ತು: "ಉಳಿತಾಯದ ದೊಡ್ಡ ಪ್ಯಾಕು". ಅದನ್ನು ನೋಡಿದ್ದೇ ತಡ, ಕಾದ ಬಾಣಲೆಗೆ ನೀರು ಬಿದ್ದಂತಾಯಿತು.

"ಯಾರಪ್ಪಾ ಇಲ್ಲಿ ಮ್ಯಾನೇಜರು?"

ಕತ್ತಿಗೆ ಕಾರ್ಡು ತೂಗಿಸಿಕೊಂಡವನೊಬ್ಬ ಬಂದ. "ಏನಮ್ಮಾ, ಮೆಲ್ಲಗೆ ಮಾತಾಡಿ."

"ಮೆಲ್ಲಗೆ ಮಾತಾಡೋಕೆ ನನಗೆ ಬರಲ್ಲ. ಇದು ಯಾರಿಗೆ ಉಳಿತಾಯ? ಕಿಲೊಗೆ ನೂರ ಅರವತ್ತು ಬೀಳೋದು ಉಳಿತಾಯ, ನೂರೈವತ್ತರದ್ದು ದುಂದೇನಪ್ಪಾ?"

"ತೂಕ ಚೀಲದ ಮೇಲೆ ಹಾಕಿದ್ದಾರಲ್ಲಮ್ಮಾ. ಕಂಪನಿಯವರು ಕಡಿಮೆ ಮಾಡಿದ್ರೆ ನಾವೇನು ಮಾಡೋಣ? ಚೀಟೀಲೂ ಇದೆ ನೋಡಿ, ಬಿಡಿ ಲೆಕ್ಕದ ದರ. ನಾವೇನೂ ಮುಚ್ಚಿಟ್ಟಿಲ್ಲ."

ಅವಳು ಬಗ್ಗಿ ನೋಡಿದಳು. ಇತ್ತು. ದಪ್ಪ ಅಂಕಿಯ ಕೆಳಗೆ ಸಾಸಿವೆ ಕಾಳಿನಂಥ ಅಕ್ಷರ. ಸಣ್ಣ ಪ್ಯಾಕೆಟ್ಟಿನ ಚೀಟಿಯಲ್ಲಿ "ಕಿಲೊಗೆ 150". ದೊಡ್ಡದರ ಚೀಟಿಯಲ್ಲಿ "100 ಗ್ರಾಮಿಗೆ 16".

"ಇದಕ್ಕೆ ಕಿಲೊ ಲೆಕ್ಕ, ಅದಕ್ಕೆ ನೂರು ಗ್ರಾಮಿನ ಲೆಕ್ಕ! ನೂರೈವತ್ತರ ಪಕ್ಕ ಹದಿನಾರು ಕಂಡ್ರೆ ಯಾವ ಕಣ್ಣು ಮೋಸ ಹೋಗಲ್ಲ? ಒಬ್ಬನ ಎತ್ತರ ಅಡೀಲಿ, ಇನ್ನೊಬ್ಬನ ಎತ್ತರ ಗೇಣಲ್ಲಿ ಬರೆದು ಯಾರು ಉದ್ದ ಹೇಳು ಅಂದ ಹಾಗೆ!"

"ಚೀಟಿ ಕಂಪ್ಯೂಟರಿಂದ ಬರುತ್ತಮ್ಮಾ..."

"ಕಂಪನಿ ಅಂತೀಯ, ಕಂಪ್ಯೂಟರು ಅಂತೀಯ. ಬೈಯೋಕೆ ಒಂದು ಮುಖನಾದ್ರೂ ಇಟ್ಕೊಂಡಿದೀರಾ ಈ ಅಂಗಡೀಲಿ?"

ತಳ್ಳುಬುಟ್ಟಿಗಳು ನಿಂತವು. ಜನ ಕತ್ತು ನೀಡಿದರು. ಮ್ಯಾನೇಜರು ಕೆಂಪು ಬೋರ್ಡನ್ನು ಒಮ್ಮೆ, ಅವಳನ್ನು ಒಮ್ಮೆ ನೋಡಿ, ಮೇಲಿನವರಿಗೆ ತಿಳಿಸುತ್ತೇನೆ ಎಂದು ಗೊಣಗಿ ಸರಿದ. ಬೋರ್ಡು ಅಲ್ಲೇ ತೂಗುತ್ತಿತ್ತು. ಅವಳಿಗೆ ಅದನ್ನು ಕಿತ್ತು ಹರಿಯಬೇಕೆನಿಸಿತು. ಅಷ್ಟರಲ್ಲಿ ಗೋಡೆಗೆ ಮುಖ ಮಾಡಿದ್ದ ಬೆನ್ನು ಕಣ್ಣಿಗೆ ಬಿತ್ತು. ಅವಳು ಬಂದದ್ದು ಬೋರ್ಡಿಗಲ್ಲ.

ಬೆಳಿಗ್ಗೆ ಬೈದಷ್ಟೇ ಗಟ್ಟಿಯಾಗಿ, ನೆರೆದವರಿಗೂ ಬಾಗಿಲಲ್ಲಿ ನಿಂತ ಡ್ರೈವರಿಗೂ ಕೇಳುವಂತೆ ಅವಳು ಹೇಳಿದಳು:

"ಕೇಳ್ರಪ್ಪಾ, ಇವನು ನನ್ನ ಮೈದುನ. ಬೆಳಿಗ್ಗೆ ಇವನನ್ನ ಕಳ್ಳ ಅಂದೆ. ಕದ್ದಿದ್ದು ಈ ಚೀಲ. ಹಂಸ ಯಾವುದು ಕೊಕ್ಕರೆ ಯಾವುದು ಅಂತ ತಿಳೀದೆ ಬಾಯಿ ಹಾಕಿದವಳು ನಾನು. ಸುಟ್ಟುಹೋಗಲಿ ಈ ಬಾಯಿ."

ಮೈದುನ ತಿರುಗಿದ. ಅವನ ಕಣ್ಣು ಕೆಂಪಗಿತ್ತು, ಸಿಟ್ಟು ಇನ್ನೂ ಕರಗಿರಲಿಲ್ಲ.

"ಬಾಯಿ ಸುಡೋದು ಬೇಡ. ನಾಳೆ ಅದೇ ಬಾಯೇ ಬೇಕಲ್ಲ ನಿಮಗೆ ಬೈಯೋಕೆ."

"ಬಾ ಮನೆಗೆ."

"ಬರ್ತೀನಿ. ಆದ್ರೆ ಇನ್ಮೇಲೆ ನಾನು ತಂದಿದ್ದನ್ನ ನಂಬಬೇಡಿ. ತೂಗಿ. ಊರವರ ಗಂಟೆಲ್ಲ ತಕ್ಕಡಿಗೆ ಹಾಕ್ತೀರಿ, ಒಂದು ದಿನ ಈ ಚೀಲ ಹಾಕಿದ್ರಾ? ಪುಡಿ ಕಡಿಮೆ ಬಂದಾಗ ಮೊದಲು ನನ್ನ ತೂಗಿದ್ರಿ."

ಕೆಂಡದಕ್ಕ ಮೇಲಿನ ಹಲಗೆಗೆ ಕೈ ಚಾಚಿ, ಒಂದು ಕಿಲೊದ ಕೊಕ್ಕರೆ ಪ್ಯಾಕೆಟ್ಟುಗಳನ್ನು ತಳ್ಳುಬುಟ್ಟಿಗೆ ಎಸೆಯತೊಡಗಿದಳು. ಪ್ರತಿಯೊಂದನ್ನೂ ತಿರುಗಿಸಿ, ಕಾಲು ನೋಡಿ, ಬೆನ್ನ ಮೂಲೆ ಓದಿ, ಆಮೇಲೆ ಎಸೆದಳು. ಅವಳು ನೋಡದ ಹೊತ್ತಿನಲ್ಲಿ ಹಲಗೆಯ ಮೇಲಿನ ಬೀಗದ ಕೈ ಮೈದುನನ ಜೇಬು ಸೇರಿತು.

ಈಗಲೂ ಆ ಮನೆಗೆ ಪುಡಿ ಬಂದ ದಿನ ಬೀದಿಗೆ ಗೊತ್ತಾಗುತ್ತದೆ. ಮೈದುನ ಪ್ಯಾಕೆಟ್ಟುಗಳನ್ನು ಒಂದೊಂದಾಗಿ ಬಾಗಿಲ ತಕ್ಕಡಿಗೆ ಸಿಕ್ಕಿಸುತ್ತಾನೆ. ಅದಕ್ಕೆ ಮೊದಲು ಶೆಲ್ಫಿನ ಮೂರೂ ಹಲಗೆಯ ಫೋಟೊ, ಪ್ರತಿ ಪ್ಯಾಕಿನ ಬೆನ್ನಿನ ಫೋಟೊ ಬಂದಿರುತ್ತದೆ. ಕಿಲೊಗೆ ಎಷ್ಟು ಬಿತ್ತೆಂದು ಗಂಡ ಇಸ್ತ್ರಿ ಮೇಜಿನಿಂದಲೇ ಹೇಳಿರುತ್ತಾನೆ. ಆದರೂ ಮೈದುನ ತೂಗುತ್ತಾನೆ. ಮುಳ್ಳು ನಿಂತ ಮೇಲೆ, ಬೇಕೆಂದೇ, ಬೀದಿಯ ತುದಿಗೂ ಕೇಳುವ ಹಾಗೆ ಕೂಗುತ್ತಾನೆ:

"ಅತ್ತಿಗೆ! ಒಂದು ಕಿಲೊ! ನೋಡ್ಕೊಳ್ಳಿ!"

ಕೆಂಡದಕ್ಕನಿಗೆ ಮೈಯೆಲ್ಲ ಉರಿಯುತ್ತದೆ. ಸಾಕು ನಿಲ್ಲಿಸೋ ಎಂದು ಬೈಯಲು ನಾಲಿಗೆ ತುದಿಗೆ ಬರುತ್ತದೆ. ಆದರೆ ಅವಳು ಕೈ ಒರೆಸಿಕೊಂಡು, ಬಾಗಿಲಿಗೆ ಬಂದು, ಮುಳ್ಳು ನೋಡಿ, "ಸರಿಯಿದೆ" ಎಂದು ಅಷ್ಟೇ ಗಟ್ಟಿಯಾಗಿ ಕೂಗುತ್ತಾಳೆ. ಪ್ರತಿ ಪ್ಯಾಕೆಟ್ಟಿಗೂ.